‘ಫೋನಿನಲ್ಲಿ ಮಾತಾಡಿದಂತೆ’: ಬಾಕಿ ಹಣದ ಬರಹ ಏನನ್ನು ಹೇಳಬೇಕು

ಬಾಕಿ ಹಣದ ಬಗ್ಗೆ ಫೋನಿನಲ್ಲಿ ಮಾತು ಮುಗಿದ ಮೇಲೆ ಅದನ್ನೇ ಬರೆದು ಕಳಿಸಬೇಕೇ ಎಂಬ ಪ್ರಶ್ನೆಗೆ ಶಿರ್ವ, ಕಾಪು, ಕಾರ್ಕಳದಂಥ ಊರುಗಳಲ್ಲಿ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ಮೊದಲನೆಯದರ ಪ್ರಕಾರ, ಮುಖಪರಿಚಯವಿರುವವರ ನಡುವೆ ಮಾತೇ ಸಾಕು. ಮಾತಾಡಿದ ಮೇಲೂ ಬರೆದು ಕಳಿಸುವವನು ಎದುರಿನವನನ್ನು ನಂಬುತ್ತಿಲ್ಲ ಎಂದೇ ಅರ್ಥ. ಎರಡನೆಯದರ ಪ್ರಕಾರ, ಕಾಲ ಕೆಟ್ಟಿರುವುದರಿಂದ ಬರೆಯುವುದು ಒಳ್ಳೆಯದೇ; ಆದರೆ ‘ಫೋನಿನಲ್ಲಿ ಮಾತಾಡಿದಂತೆ’ ಎಂದು ಒಂದು ಸಾಲು ವಾಟ್ಸಾಪಿನಲ್ಲಿ ಹಾಕಿ, ಎರಡು ಗೆರೆ ನೀಲಿಯಾದರೆ ಕೆಲಸ ಮುಗಿಯಿತು, ದಾಖಲೆ ಆಯಿತು. ಈ ಎರಡೂ ಉತ್ತರಗಳಲ್ಲಿ ಹುರುಳಿಲ್ಲವೆಂದಲ್ಲ. ಮೊದಲನೆಯದು ಸಣ್ಣ ಊರಿನ ಲೇವಾದೇವಿ ನಡೆಯುವುದು ಮರ್ಯಾದೆಯ ಮೇಲೆಯೇ ಹೊರತು ಕೋರ್ಟಿನ ಮೇಲಲ್ಲ ಎಂಬ ನಿಜವನ್ನು ಹಿಡಿದಿದೆ. ಎರಡನೆಯದು ನೆನಪು ಜಾರುತ್ತದೆಂಬುದನ್ನು ಒಪ್ಪಿಕೊಂಡಿದೆ. ಆದರೆ ಎರಡೂ ಒಂದೇ ತಪ್ಪನ್ನು ಮಾಡುತ್ತವೆ: ಆಗಿಹೋದ ಮಾತಿಗೆ ಬರಹವು ಬರೀ ಸಾಕ್ಷಿ ಎಂದು ಎಣಿಸುತ್ತವೆ, ಮಾತಿನಲ್ಲಿ ಎಲ್ಲವೂ ಇತ್ಯರ್ಥವಾಗಿತ್ತೆಂದು ಭಾವಿಸುತ್ತವೆ.

ಬರಹವೆಂದರೆ ಅಪನಂಬಿಕೆ ಎಂಬ ವಾದಕ್ಕೆ ಈ ಜಿಲ್ಲೆಯ ಹಣಕಾಸಿನ ಚರಿತ್ರೆಯೇ ಉತ್ತರ ಹೇಳುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಠೇವಣಿದಾರನ ಪುಸ್ತಕದಲ್ಲಿ ಬರೆದುಕೊಡುತ್ತಿದ್ದನು. ಏಜೆಂಟನೂ ಠೇವಣಿದಾರನೂ ದಿನಾ ಮುಖ ನೋಡುವವರೇ. ಆದರೂ ಆ ಪುಸ್ತಕವನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ, ಏಕೆಂದರೆ ಅದು ಹಣ ಕೊಟ್ಟವನ ಕೈಯಲ್ಲೇ ಉಳಿಯುತ್ತಿತ್ತು. ಬರಹ ಯಾರ ಕೈಯಲ್ಲಿ ಉಳಿಯುತ್ತದೆ, ಯಾರು ಬರೆದದ್ದು ಎಂಬುದು ಮುಖ್ಯ ಪ್ರಶ್ನೆ. ನಂಬಿಕೆಯ ಪ್ರಶ್ನೆ ಆಮೇಲಿನದು.

ಫೋನಿನ ಮಾತಿನಲ್ಲಿ ಎಲ್ಲವೂ ಇತ್ಯರ್ಥವಾಗಿರುತ್ತದೆಂಬ ಭಾವನೆ ಕರಾವಳಿಯಲ್ಲಿ ಇನ್ನೂ ದುರ್ಬಲ. ಇಲ್ಲಿ ಮಾತು ನಡೆಯುವುದು ಬಹುಪಾಲು ತುಳುವಿನಲ್ಲಿ ಅಥವಾ ಕೊಂಕಣಿಯಲ್ಲಿ, ಬರಹ ಆಗುವುದು ಕನ್ನಡದಲ್ಲಿ. ಹಾಗಾಗಿ ದೃಢೀಕರಣದ ಬರಹ, ಅಂದರೆ ಫೋನಿನಲ್ಲಿ ಆದ ಮಾತನ್ನು ಮತ್ತೆ ಹೇಳಿ ಎದುರಿನವರ ಒಪ್ಪಿಗೆ ಕೇಳುವ ಬರಹ, ನಕಲಾಗುವ ಮೊದಲು ಅನುವಾದವಾಗಿರುತ್ತದೆ. ತುಳುವಿನಲ್ಲಿ ‘ಕೊರ್ಪೆ’ ಎಂದವನು ‘ಕೊಡುತ್ತೇನೆ’ ಎಂದು ತಾನೇ ಹೊಣೆ ಹೊತ್ತಿದ್ದಾನೆ. ‘ತೂಕ’ ಎಂದವನು ‘ನೋಡೋಣ’ ಎಂದು ಹೇಳಿ ಹೊಣೆಯನ್ನು ಗಾಳಿಯಲ್ಲಿ ತೂಗುಬಿಟ್ಟಿದ್ದಾನೆ (ಆ ಪದಕ್ಕೆ ಕನ್ನಡದಲ್ಲಿ ಭಾರ ಎಂಬ ಅರ್ಥವಿರುವುದು ಭಾಷೆಯ ತಮಾಷೆ). ಈ ಕಡೆಯ ಕನ್ನಡದ ‘ಕೊಡುವ ಮಾರಾಯ್ರೆ’ ಎಂಬ ಮಾತಂತೂ ಎರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಹೇಳಿದವನು ನೋಡೋಣ ಎಂದುಕೊಂಡಿರುತ್ತಾನೆ, ಕೇಳಿದವನು ವಾಗ್ದಾನ ಸಿಕ್ಕಿತೆಂದು ಫೋನಿಡುತ್ತಾನೆ, ಇಬ್ಬರೂ ಪ್ರಾಮಾಣಿಕರೇ ಆಗಿರುತ್ತಾರೆ. ಕರೆಯನ್ನು ರೆಕಾರ್ಡ್ ಮಾಡಿಟ್ಟರೆ ಬರಹವೇ ಬೇಡ ಎನ್ನುವವರಿಗೂ ಉತ್ತರ ಇಲ್ಲೇ ಇದೆ: ‘ತೂಕ’ ಎಂದರೆಂಬುದನ್ನು ರೆಕಾರ್ಡಿಂಗ್ ನಿಖರವಾಗಿ ಉಳಿಸುತ್ತದೆ, ಹಾಗೆಂದರೆ ಏನು ಎಂಬುದನ್ನು ತೀರ್ಮಾನಿಸುವುದಿಲ್ಲ.

ವಾದಕ್ಕೆ ಒಂದು ಕಲ್ಪಿತ ಲೆಕ್ಕವನ್ನು ಇಟ್ಟುಕೊಳ್ಳಬಹುದು. ಶಿರ್ವದ ಒಬ್ಬ ಮೇಸ್ತ್ರಿಯು ಮುಂಬಯಿಯಲ್ಲಿರುವ ಮನೆಯೊಡೆಯರಿಗಾಗಿ ಊರಿನ ಮನೆಯ ಸುತ್ತ ಕೆಂಪುಕಲ್ಲಿನ ಪಾಗಾರ ಕಟ್ಟಿ, ಅಂಗಳಕ್ಕೆ ಹಾಸು ಹಾಕಿ 2024ರ ಮಾರ್ಚ್ 12ರಂದು ಕೆಲಸ ಮುಗಿಸುತ್ತಾನೆ. ಹಣವನ್ನು ಯಾವಾಗ ಕೊಡಬೇಕೆಂದು ಮೊದಲೇ ಗೊತ್ತು ಮಾಡಿರುವುದಿಲ್ಲ. ಒಟ್ಟು ಬಿಲ್ಲು 3,40,000 ರೂಪಾಯಿ, ಸಂದದ್ದು 2,50,000, ಬಾಕಿ 90,000. ಇದರಲ್ಲಿ 15,000 ರೂಪಾಯಿ ಪಾಗಾರವನ್ನು ಎರಡು ವರಸೆ ಎತ್ತರಿಸಿದ್ದಕ್ಕೆ; ತಾನು ಅದನ್ನು ಹೇಳಿಯೇ ಇಲ್ಲ ಎಂಬುದು ಮನೆಯೊಡೆಯರ ತಕರಾರು. 2025ರ ಆಗಸ್ಟ್ 4ರ ಸಂಜೆ ಫೋನಿನಲ್ಲಿ ಮಾತಾಗುತ್ತದೆ: ಆಟಿ ಕಳೆದ ಮೇಲೆ 25,000, ದೀಪಾವಳಿಗೆ 50,000, ಎತ್ತರಿಸಿದ್ದರ ಲೆಕ್ಕ ಊರಿಗೆ ಬಂದಾಗ ‘ತೂಕ’. ಮೇಸ್ತ್ರಿಯು ಆ ರಾತ್ರಿಯೇ ಹೀಗೆ ಕಳಿಸುತ್ತಾನೆ: ‘ನಮಸ್ಕಾರ ಶೆಟ್ರೇ, ಫೋನಿನಲ್ಲಿ ಮಾತಾಡಿದಂತೆ ಆಟಿ ಕಳೆದು 25,000, ದೀಪಾವಳಿಗೆ 50,000 ಕೊಟ್ಟರೆ ಸಾಕು.’ ಅತ್ತಲಿಂದ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬರುತ್ತದೆ.

ಎರಡನೆಯ ಉತ್ತರವನ್ನು ನಂಬಿದವರ ಕಣ್ಣಿಗೆ ಇದು ಪಕ್ಕಾ ದಾಖಲೆ. ಆದರೆ ಈ ಸಾಲಿನ ಅತಿ ವಿನಯದ ಪದವೇ ಅತಿ ದುಬಾರಿಯ ಪದ. 1872ರ ಭಾರತೀಯ ಕರಾರು ಕಾಯ್ದೆಯ 63ನೆಯ ಕಲಂ ಪ್ರಕಾರ, ಹಣ ಬರಬೇಕಾದವನು ಅದನ್ನು ಪೂರ್ತಿಯಾಗಿ ಅಥವಾ ಭಾಗಶಃ ಬಿಟ್ಟುಕೊಡಬಹುದು, ಕೊಡಬೇಕಾದ ಕಾಲವನ್ನು ಮುಂದಕ್ಕೆ ಹಾಕಬಹುದು, ಅಥವಾ ತನಗೆ ಸರಿಕಂಡಷ್ಟನ್ನೇ ಪೂರ್ಣ ಸಂದಾಯವೆಂದು ಒಪ್ಪಬಹುದು. ಇದಕ್ಕೆ ಪ್ರತಿಯಾಗಿ ಅವನಿಗೆ ಏನಾದರೂ ಸಿಕ್ಕಿರಬೇಕೆಂಬ ನಿಯಮವಿಲ್ಲ. ಇಂಗ್ಲೆಂಡಿನ ಕಾನೂನು ಇಲ್ಲಿ ಬೇರೆ ದಾರಿ ಹಿಡಿದಿದೆ: 1884ರ ಫೋಕ್ಸ್ ಮತ್ತು ಬೀರ್ ನಡುವಿನ ಮೊಕದ್ದಮೆಯಲ್ಲಿ, ಪ್ರತಿಫಲವಿಲ್ಲದೆ ಕಡಮೆಗೆ ಒಪ್ಪಿದ ಮಾತು ಸಾಲಿಗನನ್ನು ಕಟ್ಟಿಹಾಕದೆಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಭಾರತದ ಕಾಯ್ದೆ ಬಾಯಿಮಾತಿನ ಉದಾರತೆಯನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಹೀಗಿರುವಾಗ 75,000 ಕೊಟ್ಟರೆ ‘ಸಾಕು’ ಎಂಬ ಬರಹವನ್ನು ಮುಂದಿಟ್ಟು, 15,000 ಬಿಟ್ಟಾಗಿದೆ ಎಂದು ಮನೆಯೊಡೆಯರು ವಾದಿಸಿದರೆ ಅದನ್ನು ಹುಡುಗಾಟವೆನ್ನಲಾಗದು. ಮೇಸ್ತ್ರಿಯ ಮನಸ್ಸಿನಲ್ಲಿ ಅದು ‘ಸದ್ಯಕ್ಕೆ ಸಾಕು’ ಆಗಿತ್ತು. ‘ಸದ್ಯಕ್ಕೆ’ ಎಂಬುದು ಬರಹದೊಳಗೆ ಬರಲಿಲ್ಲ.

ಉಳಿದ ದೋಷಗಳು ಇಷ್ಟು ಗುಟ್ಟಿನವಲ್ಲ. ಒಟ್ಟು ಬಾಕಿ ಎಷ್ಟೆಂಬುದೇ ಅದರಲ್ಲಿ ಇಲ್ಲ. ಯಾವ ಕೆಲಸದ ಹಣವೆಂದಿಲ್ಲ. ಆಟಿ ಎಂಬುದು ತುಳುನಾಡಿನ ಸೌರಮಾನದ ತಿಂಗಳು, ಸುಮಾರು ಆಗಸ್ಟ್ 17ರ ಸಂಕ್ರಮಣಕ್ಕೆ ಮುಗಿಯುತ್ತದೆ. ಅದು ‘ಕಳೆದ ಮೇಲೆ’ ಎಂದರೆ ಮರುದಿನವೂ ಆಗಬಹುದು, ಮೂರು ತಿಂಗಳ ನಂತರವೂ ಆಗಬಹುದು. ದೀಪಾವಳಿಯೂ ಒಂದೇ ದಿನದ ಹಬ್ಬವಲ್ಲ. ಮುಖ್ಯವಾಗಿ, ‘ಮಾತಾಡಿದಂತೆ’ ಎಂಬ ಪದವು ಓದುಗನನ್ನು ಮತ್ತೆ ಫೋನಿನ ಕಡೆಗೇ ಕೈತೋರಿಸುತ್ತದೆ. ಯಾವುದನ್ನು ಗಟ್ಟಿಗೊಳಿಸಲು ಬರೆಯಲಾಯಿತೋ ಅದರ ಮೇಲೆಯೇ ಬರಹ ಒರಗಿ ನಿಂತಿದೆ.

ಹಾಗಾದರೆ ಬರಹವು ಮತ್ತೆ ಹೇಳಬೇಕಾದದ್ದೇನು? ಮೂರು ಸಂಗತಿಗಳನ್ನು ಒಂದಕ್ಕೊಂದು ಅಂಟದಂತೆ ಬಿಡಿಸಿಡಬೇಕು: ಒಪ್ಪಿದ ಬಾಕಿ, ತಕರಾರಿನ ಬಾಕಿ, ಕೊಡುತ್ತೇನೆಂದು ಹೇಳಿದ ದಿನಗಳು. ಅದೇ ಲೆಕ್ಕವನ್ನು ಮೇಸ್ತ್ರಿಯು ಹೀಗೆ ಬರೆಯಬಹುದಿತ್ತು:

‘ನಮಸ್ಕಾರ ಶೆಟ್ರೇ. ಇಂದು, 4-8-2025 ಸೋಮವಾರ ಸಂಜೆ, ನಿಮ್ಮ ಶಿರ್ವದ ಮನೆಯ ಪಾಗಾರ ಮತ್ತು ಅಂಗಳದ ಕೆಲಸದ ಹಣದ ಬಗ್ಗೆ ಫೋನಿನಲ್ಲಿ ಮಾತಾಡಿದ್ದು ನಾನು ತಿಳಿದುಕೊಂಡಂತೆ ಹೀಗಿದೆ.
1. ಒಟ್ಟು ಬಿಲ್ಲು 3,40,000, ಈವರೆಗೆ ಸಂದದ್ದು 2,50,000, ಉಳಿದದ್ದು 90,000.
2. ಇದರಲ್ಲಿ 75,000 ಕೊಡಲು ಬಾಕಿ ಇದೆಯೆಂದು ನೀವು ಒಪ್ಪಿದ್ದೀರಿ. 20-8-2025ರ ಒಳಗೆ 25,000, 25-10-2025ರ ಒಳಗೆ 50,000 ಕೊಡುತ್ತೇನೆಂದು ಹೇಳಿದ್ದೀರಿ. ಹಣ ಮೊದಲು ಹಾಕಿದ ಖಾತೆಗೇ ಬರಲಿ.
3. ಪಾಗಾರ ಎತ್ತರಿಸಿದ 15,000ಕ್ಕೆ ನಿಮ್ಮ ತಕರಾರು ಇದೆ. ಅದನ್ನು ನೀವು ಒಪ್ಪಿಲ್ಲ, ನಾನು ಬಿಟ್ಟಿಲ್ಲ. ನೀವು ಊರಿಗೆ ಬಂದಾಗ ಅಳತೆ ನೋಡಿ ಮಾತಾಡುವುದು.
ಇದು ಸರಿಯಿದ್ದರೆ “ಸರಿ, 75,000 ಕೊಡಲು ಬಾಕಿ ಇದೆ, ಈ ದಿನಗಳಲ್ಲಿ ಕೊಡುತ್ತೇನೆ” ಎಂದು ಬರೆದು ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ. ತಪ್ಪಿದ್ದರೆ ಯಾವುದು ತಪ್ಪೆಂದು ತಿಳಿಸಿ.’

ಈ ಬರಹದಲ್ಲಿ ತುಳುವಿನ ‘ತೂಕ’ಕ್ಕೆ ಒಂದು ಅರ್ಥ ಕೊಡಲಾಗಿದೆ, ಆಟಿಗೂ ದೀಪಾವಳಿಗೂ ತಾರೀಖು ಕೊಡಲಾಗಿದೆ, ಅನುವಾದದಲ್ಲಿ ತಪ್ಪಾಗಿದ್ದರೆ ತಿದ್ದುವ ಹಕ್ಕನ್ನು ಎದುರಿನವರಿಗೆ ಬಿಡಲಾಗಿದೆ. ಖಾತೆ ಸಂಖ್ಯೆಯನ್ನು ಬರೆಯದೆ ‘ಮೊದಲು ಹಾಕಿದ ಖಾತೆ’ ಎಂದಿರುವುದಕ್ಕೂ ಕಾರಣವಿದೆ: ದೃಢೀಕರಣದ ನೆಪದಲ್ಲಿ ಹೊಸ ಖಾತೆ ಸಂಖ್ಯೆ ಕಳಿಸಿ ಹಣ ಎಗರಿಸುವುದು ಇಂದಿನ ಮಾಮೂಲಿ ವಂಚನೆ. ಖಾತೆ ನಿಜವಾಗಿಯೇ ಬದಲಾಗಿದ್ದರೆ, ಆ ಒಂದು ವಿಷಯವನ್ನು ಬರಹದಿಂದಲ್ಲ, ಹಳೆಯ ನಂಬರಿಗೆ ತಾನೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಆದರೂ ಎಷ್ಟೇ ಅಚ್ಚುಕಟ್ಟಾಗಿ ಬರೆದರೂ, ಉತ್ತರ ಬಾರದಿದ್ದರೆ ಇದು ಮೇಸ್ತ್ರಿಯ ಮಾತು ಮಾತ್ರ. ಎರಡನೆಯ ಉತ್ತರದ ದೊಡ್ಡ ಗೊಂದಲ ಇಲ್ಲಿದೆ. 1963ರ ಕಾಲಮಿತಿ ಕಾಯ್ದೆ, ಅಂದರೆ ವಕೀಲರು ಲಿಮಿಟೇಷನ್ ಎನ್ನುವ ಕಾಯ್ದೆ, ಹಣ ಕೊಡುವ ದಿನ ಗೊತ್ತು ಮಾಡದೆ ಮಾಡಿಕೊಟ್ಟ ಕೆಲಸದ ಕೂಲಿಗೆ ಕೆಲಸ ಮುಗಿದಂದಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕೆನ್ನುತ್ತದೆ. ಈ ಲೆಕ್ಕದಲ್ಲಿ ಅದು 2027ರ ಮಾರ್ಚ್ 12ಕ್ಕೆ ಮುಗಿಯುತ್ತದೆ. (ಮನೆಯೊಡೆಯರು ಮುಂಬಯಿಯ ಬದಲು ದುಬೈಯಲ್ಲಿದ್ದಿದ್ದರೆ, ಅವರು ಭಾರತದ ಹೊರಗಿದ್ದ ಕಾಲವನ್ನು 15ನೆಯ ಕಲಂ ಪ್ರಕಾರ ಕಳೆಯಬೇಕಾಗುತ್ತಿತ್ತು.) ಅದೇ ಕಾಯ್ದೆಯ 18ನೆಯ ಕಲಂ, ವಾಯಿದೆ ಮುಗಿಯುವ ಮೊದಲು ಹೊಣೆಯನ್ನು ಒಪ್ಪಿಕೊಂಡ ಬರಹವಿದ್ದರೆ ಅದಕ್ಕೆ ಸಹಿ ಹಾಕಿದ ದಿನದಿಂದ ಹೊಸದಾಗಿ ವಾಯಿದೆ ಎಣಿಸಬೇಕೆನ್ನುತ್ತದೆ. ಆದರೆ ಆ ಬರಹಕ್ಕೆ ಹಣ ಕೊಡಬೇಕಾದವನ ಅಥವಾ ಅವನು ಅಧಿಕಾರ ಕೊಟ್ಟವನ ಸಹಿ ಇರಬೇಕು. ಬರಬೇಕಾದವನು ನೂರು ಸಂದೇಶ ಕಳಿಸಿದರೂ ವಾಯಿದೆ ಒಂದು ದಿನವೂ ಹಿಗ್ಗದು. ಕೊಡಬೇಕಾದವನ ಒಂದು ಸಾಲು ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಕೊಡುತ್ತದೆ. ಬರಹಕ್ಕೆ ತಾರೀಖಿಲ್ಲದಿದ್ದರೆ ಅದು ಯಾವಾಗ ಆದದ್ದೆಂದು ಬಾಯಿಮಾತಿನ ಸಾಕ್ಷ್ಯ ಕೊಡಬಹುದು, ಆದರೆ ಅದರಲ್ಲಿ ಏನಿತ್ತೆಂಬುದನ್ನು ಸಾಮಾನ್ಯವಾಗಿ ಹಾಗೆ ತುಂಬಿಕೊಡಲಾಗದೆಂದೂ ಕಲಂ ಹೇಳುತ್ತದೆ. ಉತ್ತರದಲ್ಲಿ ‘ಸರಿ’ ಎಂದಷ್ಟೇ ಅಲ್ಲದೆ ‘75,000 ಕೊಡಲು ಬಾಕಿ ಇದೆ’ ಎಂದು ಮತ್ತೆ ಬರೆಸಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಫೋನಿನ ಪರದೆಯ ಮೇಲಿನ ಅಕ್ಷರ ಬರಹವೇ, ಅಲ್ಲಿ ಟೈಪು ಮಾಡಿದ ಹೆಸರು ಸಹಿಯೇ ಎಂಬ ಆಕ್ಷೇಪ ನ್ಯಾಯವಾದದ್ದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೆಯ ಕಲಂ, ಕಾಯ್ದೆಯು ಬರಹ ಬೇಕೆನ್ನುವಲ್ಲಿ ವಿದ್ಯುನ್ಮಾನ ಬರಹವೂ ನಡೆಯುತ್ತದೆಂದು ಹೇಳುತ್ತದೆ. ಅದರ ಬಲದ ಮೇಲೆ ಇಮೇಲಿನಲ್ಲಿ ಒಪ್ಪಿಕೊಂಡ ಬಾಕಿಯು 18ನೆಯ ಕಲಮಿನ ಒಪ್ಪಿಗೆಯಾಗುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಸುದರ್ಶನ್ ಕಾರ್ಗೋ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಹೆಬ್ಬೆರಳಿನ ಚಿತ್ರದ ಬಗ್ಗೆ ಇಷ್ಟು ಧೈರ್ಯದಿಂದ ಹೇಳಲಾಗದು. ಕೆನಡಾದ ಸಸ್ಕಾಚೆವಾನ್ ಪ್ರಾಂತದ ನ್ಯಾಯಾಲಯವು 2023ರಲ್ಲಿ ಅಗಸೆ ಬೀಜದ ಖರೀದಿಯೊಂದರಲ್ಲಿ ರೈತ ಕಳಿಸಿದ ಹೆಬ್ಬೆರಳನ್ನು ಒಪ್ಪಿಗೆಯೆಂದು ಎಣಿಸಿದ್ದು ನಿಜ. ಆದರೆ ಆ ರೈತನು ಹಿಂದಿನ ಕರಾರುಗಳಿಗೂ ಅಂಥದೇ ಒಂದೆರಡು ಪದಗಳಲ್ಲಿ ಒಪ್ಪಿ ಮಾಲು ಕೊಟ್ಟಿದ್ದನೆಂಬುದು ಅಲ್ಲಿ ತೂಗಿತು, ಮೇಲಾಗಿ ಅದು ಇಲ್ಲಿನ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಹೆಬ್ಬೆರಳು ‘ಓದಿದೆ’ ಎಂದೂ ಹೇಳುತ್ತದೆ, ‘ಆಯಿತು, ಆಮೇಲೆ ಮಾತಾಡುವ’ ಎಂದೂ ಹೇಳುತ್ತದೆ. ಅದು ಅಕ್ಷರವಿಲ್ಲದ ‘ತೂಕ’. ಮೊತ್ತ ದೊಡ್ಡದಾದರೆ ಕಾಗದದ ಮೇಲೆ ಬರೆದು ಸಹಿ ಹಾಕಿದ ಪ್ರತಿಯನ್ನು ಅಂಚೆಯಲ್ಲಿ ತರಿಸಿಕೊಳ್ಳುವುದೇ ಕ್ಷೇಮ. ಇನ್ನು ಫೋನಿನಲ್ಲಿರುವ ಸಂದೇಶವನ್ನು ಕೋರ್ಟಿಗೆ ಒಯ್ಯಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಹಳೆಯ ಫೋನನ್ನು ಮಾರಿದವನು ಆಗ ಪರದಾಡುತ್ತಾನೆ.

‘ಎರಡು ದಿನದಲ್ಲಿ ಉತ್ತರಿಸದಿದ್ದರೆ ಒಪ್ಪಿದಿರೆಂದು ತಿಳಿಯುತ್ತೇನೆ’ ಎಂದು ಸೇರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಒಬ್ಬನ ಮೌನಕ್ಕೆ ಇನ್ನೊಬ್ಬನು ತಾನೇ ಅರ್ಥ ಬರೆದುಕೊಳ್ಳಲಾಗದು. ಮೌನವು ಸಹಿಯಂತೂ ಅಲ್ಲವೇ ಅಲ್ಲ. ಅಂದಮಾತ್ರಕ್ಕೆ ಉತ್ತರ ಬಾರದ ಬರಹ ವ್ಯರ್ಥವೆಂದಲ್ಲ: ಕರೆಯಾದ ರಾತ್ರಿಯೇ ಬರೆದ, ಎದುರಿನವನು ಓದಿಯೂ ಅಲ್ಲಗಳೆಯದ ಲೆಕ್ಕಕ್ಕೆ, ವರ್ಷ ಕಳೆದ ಮೇಲೆ ಜ್ಞಾಪಿಸಿಕೊಂಡು ಹೇಳುವ ಲೆಕ್ಕಕ್ಕಿಂತ ಹೆಚ್ಚಿನ ಬೆಲೆ ಇದ್ದೇ ಇರುತ್ತದೆ. ಅದು ಪೂರಕ ಸಾಕ್ಷ್ಯ, ವಾಯಿದೆಯನ್ನು ಹಿಗ್ಗಿಸುವ ಶಕ್ತಿ ಅದಕ್ಕಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಬೇರೆ ಇದೆ. ಉತ್ತರದಿಂದ ಲಾಭವೆಲ್ಲ ಮೇಸ್ತ್ರಿಗಾದರೆ ಮನೆಯೊಡೆಯರು ಏಕೆ ಉತ್ತರಿಸಬೇಕು? ಲಾಭವೆಲ್ಲ ಒಂದೇ ಕಡೆಗಿರುವ ಬರಹಕ್ಕೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮೇಲಿನ ಬರಹ ಹಾಗಿಲ್ಲ. ಮೂರನೆಯ ಅಂಶದಲ್ಲಿ ತಮ್ಮ ತಕರಾರು ತಮ್ಮ ಮಾತಿನಲ್ಲೇ ದಾಖಲಾಗಿರುವುದನ್ನು ಮನೆಯೊಡೆಯರು ಕಾಣುತ್ತಾರೆ. ಅಕ್ಟೋಬರ್ 25ರವರೆಗೆ ಕೊಟ್ಟ ಗಡುವು ಮೇಸ್ತ್ರಿಯನ್ನೂ ಹಿಡಿಯುತ್ತದೆ. ಹಳೆಯ ಕೈಸಾಲವೂ ಇದ್ದವರಿಗೆ ಇನ್ನೊಂದು ರಕ್ಷಣೆ ಇದೆ. ಒಬ್ಬನಿಗೇ ಎರಡು ಬಾಕಿ ಇರುವಾಗ ಯಾವುದಕ್ಕೆಂದು ಹೇಳದೆ ಹಣ ಹಾಕಿದರೆ, ಕರಾರು ಕಾಯ್ದೆಯ 60ನೆಯ ಕಲಂ ಪ್ರಕಾರ ಪಡೆದವನು ಅದನ್ನು ತನಗೆ ಬೇಕಾದ ಬಾಕಿಗೆ, ವಾಯಿದೆ ತೀರಿಹೋದ ಬಾಕಿಗೂ, ಜಮಾ ಮಾಡಿಕೊಳ್ಳಬಹುದು. 59ನೆಯ ಕಲಂ ಪ್ರಕಾರ ಕೊಡುವವನು ಇಂಥದಕ್ಕೆಂದು ಸೂಚಿಸಿ ಕೊಟ್ಟದ್ದನ್ನು ಒಪ್ಪಿಕೊಂಡರೆ ಅದಕ್ಕೇ ಜಮೆ ಮಾಡಬೇಕು. ಯಾವ ಕೆಲಸದ ಹಣವೆಂದು ಬರೆಯುವುದು ಹೀಗೆ ಕೊಡುವವನ ಹಿತಕ್ಕೂ ಬೇಕಾದದ್ದು. ಆಗಸ್ಟ್ 20ರ 25,000ವನ್ನು ಕಳಿಸುವಾಗ ‘ಪಾಗಾರದ ಬಾಕಿಗೆ’ ಎಂದು ಅವರು ಬರೆದರೆ ಇನ್ನೊಂದು ಕೆಲಸವೂ ಆಗುತ್ತದೆ: ಭಾಗಶಃ ಪಾವತಿಯಿಂದಲೂ ವಾಯಿದೆ ಹೊಸದಾಗುತ್ತದೆ, ಆದರೆ ಆ ಪಾವತಿಯನ್ನು ಕೊಟ್ಟವನು ಕೈಬರಹದಲ್ಲಿ ಅಥವಾ ಸಹಿ ಮಾಡಿದ ಬರಹದಲ್ಲಿ ಒಪ್ಪಿರಬೇಕೆಂದು ಕಾಲಮಿತಿ ಕಾಯ್ದೆಯ 19ನೆಯ ಕಲಂ ಷರತ್ತು ಹಾಕುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಹಣ ಬಂದದ್ದು ಕಾಣುತ್ತದೆಂಬುದನ್ನಷ್ಟೇ ನೆಚ್ಚಿ ಕೂರಬಾರದು.

ಒಪ್ಪಿದ್ದನ್ನೂ ಒಪ್ಪದ್ದನ್ನೂ ಬಿಡಿಸಿ ಬರೆದುದಕ್ಕೆ ಒಂದು ಬೆಲೆಯೂ ತೆರಬೇಕಾಗುತ್ತದೆ, ಅದನ್ನು ಮರೆಮಾಚಬೇಕಿಲ್ಲ. ಮನೆಯೊಡೆಯರು ಆಗಸ್ಟ್ 5ರಂದು ಹೆಸರು ಹಾಕಿ ಉತ್ತರಿಸಿದರೆ 75,000ದ ವಾಯಿದೆ 2028ರ ಆಗಸ್ಟ್ 5ರವರೆಗೆ ಸಾಗುತ್ತದೆ. 15,000ದ್ದು ಹಳೆಯ 2027ರ ಮಾರ್ಚ್ 12ಕ್ಕೇ ನಿಲ್ಲುತ್ತದೆ, ಏಕೆಂದರೆ ಅದರ ಹೊಣೆಯನ್ನು ಅವರು ಒಪ್ಪಿಲ್ಲ. ಒಂದೇ ಕೆಲಸದ ಬಾಕಿಗೆ ಎರಡು ಗಡಿಯಾರ ಓಡತೊಡಗುತ್ತವೆ. ಇದನ್ನು ತಪ್ಪಿಸಲು 90,000ವನ್ನೂ ಒಟ್ಟಿಗೆ ಒಪ್ಪಿಸಿಕೊಳ್ಳುವ ಆಸೆ ಹುಟ್ಟುವುದು ಸಹಜ; ಹಾಗೆ ಬರೆದರೆ ತಕರಾರು ಇರುವವರು ಇಡೀ ಬರಹಕ್ಕೇ ಉತ್ತರಿಸದೆ ಬಿಡುತ್ತಾರೆ. ಸಣ್ಣ ಗಡಿಯಾರದ ಮೇಲೆ ಕಣ್ಣಿಟ್ಟುಕೊಂಡು ದೊಡ್ಡದನ್ನು ಗಟ್ಟಿಮಾಡಿಕೊಳ್ಳುವುದೇ ಲೆಕ್ಕ ಬಲ್ಲವರ ದಾರಿ.

ಕೊನೆಯದಾಗಿ, ಇದೇ ಕರೆ 2027ರ ಏಪ್ರಿಲಿನಲ್ಲಿ, ವಾಯಿದೆ ಮುಗಿದ ಮೇಲೆ ಆಗಿದ್ದರೆ ಬರಹ ಬದಲಾಗಬೇಕಿತ್ತೇ? ಬದಲಾಗಬೇಕಿತ್ತು, ಅದೂ ಒಂದು ಕ್ರಿಯಾಪದದಲ್ಲಿ. ಮುಗಿದ ವಾಯಿದೆಯನ್ನು 18ನೆಯ ಕಲಂ ಎಬ್ಬಿಸಲಾರದು. ಆಗ ಉಳಿಯುವುದು ಕರಾರು ಕಾಯ್ದೆಯ 25ನೆಯ ಕಲಮಿನ ಮೂರನೆಯ ಭಾಗ: ವಾಯಿದೆ ತೀರಿದ ಸಾಲವನ್ನು ಪೂರ್ತಿಯಾಗಿ ಅಥವಾ ಭಾಗಶಃ ಕೊಡುವೆನೆಂದು ಬರೆದು ಸಹಿ ಹಾಕಿದ ವಾಗ್ದಾನವು ಹೊಸ ಕರಾರಾಗಿ ನಿಲ್ಲುತ್ತದೆ. ಅಲ್ಲಿ ‘75,000 ಬಾಕಿ ಇರುವುದು ನಿಜ’ ಎಂಬ ಉತ್ತರ ಸಾಲದು, ಅದು ಸತ್ತ ಸಾಲದ ಬಗ್ಗೆ ಹೇಳಿದ ಸತ್ಯ ಮಾತ್ರ. ‘75,000 ಕೊಡುತ್ತೇನೆ’ ಎಂದಿರಬೇಕು. ಫೋನಿನಲ್ಲಿ ಮನೆಯೊಡೆಯರು ‘ಕೊರ್ಪೆ’ ಎಂದಿದ್ದರೆ ಅದೇ ಪದ ಕನ್ನಡದಲ್ಲಿ, ಅವರದೇ ಹೆಸರಿನ ಮೇಲೆ, ಕಾಗದಕ್ಕೆ ಬರಬೇಕು. ‘ತೂಕ’ ಎಂದಿದ್ದರೆ ಬರೆಸಿಕೊಳ್ಳಲು ಏನೂ ಇಲ್ಲ, ಇನ್ನೊಮ್ಮೆ ಕರೆ ಮಾಡಬೇಕಾಗುತ್ತದೆ.